ಪಿಎಫ್ ಪಾಸ್‌ಬುಕ್ಕಿನಲ್ಲಿ ತಿಂಗಳು ಎಣಿಸುವುದು ಹೇಗೆ?

2025ರ ಯುಗಾದಿ ಕಳೆದು ಹತ್ತು ಹನ್ನೆರಡು ದಿನವಾಗಿತ್ತು. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಸಂಜೆ ಮನೆಗೆ ಬಂದಳು. ನಾನು ಸಂಬಳ ವಿಭಾಗದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆದವಳು ಅಂತ ಬೀದಿಯವರಿಗೆಲ್ಲ ಗೊತ್ತು. ಫೋನು ಮುಂದೆ ಹಿಡಿದು ಕೇಳಿದಳು: "ಮೇಡಂ, ಐದು ತಿಂಗಳು ಪಿಎಫ್ ಕಟ್ಟೇ ಇಲ್ಲ ಅಂತ ನಮ್ಮ ಲೈನಲ್ಲಿ ಎಲ್ಲರೂ ಹೇಳ್ತಿದಾರೆ. ನನ್ನ ಬ್ಯಾಲೆನ್ಸ್ ನೋಡಿದ್ರೆ ಹೋದ ವರ್ಷಕ್ಕಿಂತ ಜಾಸ್ತೀನೇ ಇದೆ. ಯಾವುದು ನಿಜ?"

ಎರಡೂ ಪೂರ್ತಿ ನಿಜವಲ್ಲ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಯಿತು. ಕಟ್ಟದೇ ಬಿಟ್ಟಿದ್ದು ಐದಲ್ಲ, ಎರಡು ತಿಂಗಳು. ಇನ್ನೆರಡು ತಿಂಗಳು ತಡವಾಗಿ ಬಂದಿದ್ದವು. ಬಿಟ್ಟುಹೋದ ಎರಡು ತಿಂಗಳಿಗೂ ಬೇರೆ ಬೇರೆ ಕಾರಣವಿತ್ತು, ಹಾಗಾಗಿ ಎರಡಕ್ಕೂ ಬೇರೆ ಬೇರೆ ದಾರಿ ಹಿಡಿಯಬೇಕಾಯಿತು. ಅವಳ ಪಾಸ್‌ಬುಕ್ ಇಟ್ಟುಕೊಂಡೇ, ನಿಮ್ಮದನ್ನು ನೀವು ಓದುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ.

2016ರ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದು, ಪಿಎಫ್ ತೆಗೆಯುವುದಕ್ಕೆ ಹಾಕಿದ್ದ ಹೊಸ ನಿರ್ಬಂಧವನ್ನು ಕೇಂದ್ರ ಸರ್ಕಾರ ಹಿಂದಕ್ಕೆ ಪಡೆಯುವ ಹಾಗೆ ಮಾಡಿದ್ದರು. ಆ ದುಡ್ಡು ಎಷ್ಟು ಮುಖ್ಯ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದೇ ಇರುವುದು ಪಾಸ್‌ಬುಕ್ಕಿನ ಕಾಲಂಗಳ ಭಾಷೆ ಮಾತ್ರ.

ಬ್ಯಾಲೆನ್ಸ್ ಯಾಕೆ ಸಾಲದು

ಬ್ಯಾಲೆನ್ಸ್ ಅನ್ನುವುದು ಕೂಡಿಟ್ಟ ಮೊತ್ತ. ಹನ್ನೆರಡರಲ್ಲಿ ಎರಡು ತಿಂಗಳು ಬಿಟ್ಟುಹೋದರೂ ಉಳಿದ ಹತ್ತು ತಿಂಗಳ ದುಡ್ಡು ಸೇರಿ ಅದು ಮೇಲಕ್ಕೇ ಹೋಗುತ್ತದೆ. ವರ್ಷಕ್ಕೊಮ್ಮೆ ಬಡ್ಡಿ ಬಿದ್ದಾಗ ಇನ್ನೂ ಏರುತ್ತದೆ. ಅದಕ್ಕೇ ಬ್ಯಾಲೆನ್ಸ್ ನೋಡಿ ಯಾವ ತಿಂಗಳು ಬಿಟ್ಟುಹೋಗಿದೆ ಅಂತ ಹೇಳುವುದಕ್ಕೆ ಆಗುವುದಿಲ್ಲ.

ಪಾಸ್‌ಬುಕ್ಕಿನ ಸಾಲುಗಳು ಹಾಗಲ್ಲ. ಕಂಪನಿ ಪ್ರತಿ ತಿಂಗಳು ಇಸಿಆರ್ ಅನ್ನುವ ಒಂದು ಪಟ್ಟಿಯನ್ನು ಪಿಎಫ್ ಸಂಸ್ಥೆಯ ಪೋರ್ಟಲ್‌ಗೆ ಹಾಕಿ, ಅದಕ್ಕೆ ತಕ್ಕ ಚಲನ್ ಕಟ್ಟುತ್ತದೆ. ಆ ಪಟ್ಟಿಯಲ್ಲಿ ಒಬ್ಬ ನೌಕರನಿಗೆ ಒಂದು ಸಾಲು. ನಾನು ತಿಂಗಳು ತಿಂಗಳು ಮಾಡುತ್ತಿದ್ದ ಫೈಲಿನಲ್ಲಿ ಒಬ್ಬರ ಸಾಲು ಹೀಗಿರುತ್ತಿತ್ತು:

```
1XXXXXXXXXXX#~#MEMBER NAME#~#14500#~#12000#~#12000#~#12000#~#1440#~#1000#~#440#~#0#~#0
```

ಮೊದಲು ಹನ್ನೆರಡು ಅಂಕಿಯ ಯುಎಎನ್, ಆಮೇಲೆ ಹೆಸರು, ಒಟ್ಟು ಸಂಬಳ, ಪಿಎಫ್ ಲೆಕ್ಕಕ್ಕೆ ಬರುವ ಸಂಬಳ, ಕೊನೆಯ ಕಡೆಗೆ ಕಟ್ಟುವ ದುಡ್ಡು. ಕೊನೆಯಿಂದ ಎರಡನೆಯದು ಸಂಬಳವಿಲ್ಲದ ರಜೆಯ ದಿನಗಳು. ಈ ಸಾಲು ಫೈಲಿನಲ್ಲಿದ್ದು ಚಲನ್ ಕಟ್ಟಿಯಾದರೆ ನಿಮ್ಮ ಪಾಸ್‌ಬುಕ್ಕಿನಲ್ಲಿ ಆ ತಿಂಗಳ ಒಂದು ಸಾಲು ಮೂಡುತ್ತದೆ. ಫೈಲಿನಲ್ಲಿ ನಿಮ್ಮ ಸಾಲೇ ಇಲ್ಲದಿದ್ದರೆ ಮೂಡುವುದಿಲ್ಲ. ಸಾಲಿದ್ದೂ ಚಲನ್ ಕಟ್ಟದಿದ್ದರೆ ಆಗಲೂ ಮೂಡುವುದಿಲ್ಲ. ಒಂದು ತಿಂಗಳಿಗೆ ಒಂದು ಸಾಲು, ವರ್ಷಕ್ಕೆ ಹನ್ನೆರಡು. ನಾವು ಎಣಿಸುವುದು ಇದನ್ನೇ.

ಒಂದು ಸಾಲನ್ನು ಓದುವುದು

ಪಾಸ್‌ಬುಕ್ ಸಿಗುವುದು `passbook.epfindia.gov.in` ತಾಣದಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ. ಯುಎಎನ್ ಸಕ್ರಿಯವಾಗಿರಬೇಕು. ಒಳಗೆ ಹೋದ ಮೇಲೆ ನಿಮ್ಮ `Member ID` ಆರಿಸಿ, ವರ್ಷ ಆರಿಸಿ. ಫೋನಿನ ಪುಟ್ಟ ಪರದೆಯಲ್ಲಿ ಕಾಲಂಗಳು ಮುರಿದುಹೋಗುತ್ತವೆ. ಪಿಡಿಎಫ್ ಇಳಿಸಿಕೊಂಡು, ಸಾಧ್ಯವಾದರೆ ಮುದ್ರಿಸಿಕೊಂಡು ನೋಡುವುದು ಒಳ್ಳೆಯದು.

ಆ ಹೆಣ್ಣುಮಗಳ ಬೇಸಿಕ್ ಮತ್ತು ಡಿಎ ಸೇರಿ 12,000 ರೂಪಾಯಿ. ಅವಳ ಪಾಸ್‌ಬುಕ್ಕಿನ ಒಂದು ಸಾಲಿನಲ್ಲಿ ಇದ್ದದ್ದು ಇಷ್ಟು: `Wage Month` ಕಾಲಂನಲ್ಲಿ `Mar-2024`, ದಿನಾಂಕ `12-04-2024`, ಜಮಾ ಅನ್ನುವುದಕ್ಕೆ `CR`, ವಿವರದಲ್ಲಿ `Cont. For Due-Month 042024`, ಆಮೇಲೆ ಎರಡು ಸಲ 12,000, ಕೊನೆಗೆ 1,440, 440, 1,000.

ಕೊನೆಯ ಮೂರು ಅಂಕಿಗಳನ್ನು ಮೊದಲು ಬಿಡಿಸಿಕೊಳ್ಳೋಣ, ಯಾಕೆಂದರೆ ಅಲ್ಲೇ ಹೆಚ್ಚು ಜನ ಎಡವುವುದು. 1,440 ಅನ್ನುವುದು ನಿಮ್ಮ ಸಂಬಳದಲ್ಲಿ ಮುರಿದುಕೊಂಡ ಶೇ 12. ಕಂಪನಿಯೂ ಅಷ್ಟೇ ಶೇ 12 ಕಟ್ಟಬೇಕು. ಆದರೆ ಅದು ಎರಡು ಪಾಲಾಗುತ್ತದೆ. ಶೇ 8.33, ಅಂದರೆ 1,000 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ಮಿಕ್ಕ 440 ನಿಮ್ಮ ಪಿಎಫ್ ಖಾತೆಗೆ. 440 ಮತ್ತು 1,000 ಕೂಡಿದರೆ 1,440 ಸರಿಹೋಯಿತು. "ನಾನು 1,440 ಕಟ್ಟಿದ್ರೆ ಕಂಪನಿ ಬರೀ 440 ಹಾಕಿದೆ" ಅಂತ ಸಂಬಳ ವಿಭಾಗದ ಕಿಟಕಿಗೆ ಬಂದು ಜಗಳವಾಡಿದವರನ್ನು ನಾನು ಎಷ್ಟೋ ಸಲ ಕೂರಿಸಿ ಈ ಲೆಕ್ಕ ತೋರಿಸಿದ್ದೇನೆ. ಪಿಂಚಣಿಗೆ ಲೆಕ್ಕ ಹಾಕುವ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ಹಾಗಾಗಿ ಸಂಬಳ ಅದಕ್ಕಿಂತ ಎಷ್ಟೇ ಹೆಚ್ಚಿದ್ದರೂ ಸಾಮಾನ್ಯವಾಗಿ ಪಿಂಚಣಿ ಕಾಲಂ 1,250 ದಾಟುವುದಿಲ್ಲ.

ಇನ್ನು ತಿಂಗಳ ವಿಷಯ. ಸಾಲಿನಲ್ಲಿ ಎರಡು ತಿಂಗಳ ಹೆಸರಿದೆ: `Mar-2024` ಮತ್ತು `042024`. ಮೊದಲನೆಯದು ನೀವು ದುಡಿದ ತಿಂಗಳು. ಎರಡನೆಯದು ಆ ದುಡ್ಡು ಕಟ್ಟಬೇಕಾದ ತಿಂಗಳು. ಮಾರ್ಚ್ ಸಂಬಳದ ಪಿಎಫ್ ಅನ್ನು ಏಪ್ರಿಲ್ 15ರ ಒಳಗೆ ಕಟ್ಟಬೇಕು, ಅದಕ್ಕೇ `042024`. ಎರಡೂ ಒಂದೇ ಸಾಲು, ಎರಡು ತಿಂಗಳಲ್ಲ. ನೀವು ಎಣಿಸುವಾಗ `Wage Month` ಒಂದನ್ನೇ ಹಿಡಿಯಿರಿ. ಒಮ್ಮೆ ಅದನ್ನು, ಒಮ್ಮೆ ಇದನ್ನು ಹಿಡಿದರೆ ಇರುವ ತಿಂಗಳು ಇಲ್ಲದ ಹಾಗೆ, ಇಲ್ಲದ್ದು ಇರುವ ಹಾಗೆ ಕಾಣುತ್ತದೆ. ಗಾರ್ಮೆಂಟ್ಸ್ ಲೈನಿನ "ಐದು ತಿಂಗಳು" ಹುಟ್ಟಿದ್ದು ಈ ಗೊಂದಲದಿಂದಲೇ.

ಇದರಿಂದಲೇ ಇನ್ನೊಂದು ವಿಷಯ. ಪಾಸ್‌ಬುಕ್ಕಿನ ವರ್ಷ ನಮ್ಮ ಕ್ಯಾಲೆಂಡರ್ ಪ್ರಕಾರ ನಡೆಯುವುದಿಲ್ಲ. 2024-25ರ ಪುಟ ಶುರುವಾಗುವುದು ಮಾರ್ಚ್ 2024ರ ಸಂಬಳದಿಂದ, ಮುಗಿಯುವುದು ಫೆಬ್ರವರಿ 2025ರ ಸಂಬಳಕ್ಕೆ. ಮಾರ್ಚ್ 2025ರ ಸಾಲನ್ನು ಅಲ್ಲಿ ಹುಡುಕಿ ಸಿಗಲಿಲ್ಲ ಅಂತ ಗಾಬರಿಯಾಗಬೇಡಿ. ಅದು ಮುಂದಿನ ವರ್ಷದ ಪುಟದ ಮೊದಲ ಸಾಲು.

ಈಗ ಪಟ್ಟಿ ಮಾಡಿ

1. ಒಂದು ಹಾಳೆಯಲ್ಲಿ ಮಾರ್ಚ್‌ನಿಂದ ಫೆಬ್ರವರಿವರೆಗೆ ಹನ್ನೆರಡು ತಿಂಗಳನ್ನು ನೀವೇ ಮೊದಲು ಬರೆದುಕೊಳ್ಳಿ. ಪಾಸ್‌ಬುಕ್ ನೋಡಿ ಬರೆಯಬೇಡಿ. ಇದೇ ಇಡೀ ಕೆಲಸದ ಕೀಲಿ. ಪಾಸ್‌ಬುಕ್ ಬಿಟ್ಟುಹೋದ ತಿಂಗಳಿಗೆ ಖಾಲಿ ಜಾಗ ಬಿಡುವುದಿಲ್ಲ, ಸೆಪ್ಟೆಂಬರ್ ಕೆಳಗೆ ನೇರವಾಗಿ ನವೆಂಬರ್ ಕೂತಿರುತ್ತದೆ. ಕಣ್ಣು ಸಲೀಸಾಗಿ ಜಾರಿಹೋಗುತ್ತದೆ.

2. ಪ್ರತಿ ತಿಂಗಳ ಎದುರು ಕಡೇ ದಿನ ಬರೆಯಿರಿ, ಅಂದರೆ ಮುಂದಿನ ತಿಂಗಳ 15.

3. ಪಾಸ್‌ಬುಕ್ಕಿನಲ್ಲಿ ಆ `Wage Month` ಇದ್ದರೆ ಅದರ ದಿನಾಂಕವನ್ನೂ ನಿಮ್ಮ ಪಾಲಿನ ಮೊತ್ತವನ್ನೂ ಬರೆಯಿರಿ. ಇಲ್ಲದಿದ್ದರೆ ಗೆರೆ ಎಳೆಯಿರಿ.

4. ಪಕ್ಕದಲ್ಲಿ ಸಂಬಳ ಚೀಟಿಯಲ್ಲಿ ಮುರಿದುಕೊಂಡ ಪಿಎಫ್ ಬರೆಯಿರಿ. ಎರಡೂ ಒಂದೇ ಇರಬೇಕು.

ಅವಳ ಪಟ್ಟಿ ಹೀಗೆ ಬಂತು:

| ಸಂಬಳದ ತಿಂಗಳು | ಕಡೇ ದಿನ | ಜಮಾ ದಿನ | ಪಾಸ್‌ಬುಕ್ | ಚೀಟಿ |
|---|---|---|---|---|
| ಮಾರ್ಚ್ 2024 | 15 ಏಪ್ರಿಲ್ | 12 ಏಪ್ರಿಲ್ | 1,440 | 1,440 |
| ಏಪ್ರಿಲ್ | 15 ಮೇ | 14 ಮೇ | 1,440 | 1,440 |
| ಮೇ | 15 ಜೂನ್ | 13 ಜೂನ್ | 1,440 | 1,440 |
| ಜೂನ್ | 15 ಜುಲೈ | 15 ಜುಲೈ | 1,440 | 1,440 |
| ಜುಲೈ | 15 ಆಗಸ್ಟ್ | 27 ಸೆಪ್ಟೆಂಬರ್ | 1,440 | 1,440 |
| ಆಗಸ್ಟ್ | 15 ಸೆಪ್ಟೆಂಬರ್ | 27 ಸೆಪ್ಟೆಂಬರ್ | 1,440 | 1,440 |
| ಸೆಪ್ಟೆಂಬರ್ | 15 ಅಕ್ಟೋಬರ್ | 15 ಅಕ್ಟೋಬರ್ | 1,440 | 1,440 |
| ಅಕ್ಟೋಬರ್ | 15 ನವೆಂಬರ್ | — | — | 1,440 |
| ನವೆಂಬರ್ | 15 ಡಿಸೆಂಬರ್ | 13 ಡಿಸೆಂಬರ್ | 864 | 864 |
| ಡಿಸೆಂಬರ್ | 15 ಜನವರಿ | 15 ಜನವರಿ | 1,440 | 1,440 |
| ಜನವರಿ 2025 | 15 ಫೆಬ್ರವರಿ | — | — | 1,440 |
| ಫೆಬ್ರವರಿ | 15 ಮಾರ್ಚ್ | 14 ಮಾರ್ಚ್ | 1,440 | 1,440 |

ನವೆಂಬರ್‌ನ 864 ನೋಡಿ ಅವಳು "ಇಲ್ಲೂ ಕಡಿಮೆ ಹಾಕಿದಾರೆ" ಅಂದಳು. ಚೀಟಿ ತೆಗೆದು ನೋಡಿದೆವು. ತಾಯಿಗೆ ಹುಷಾರಿಲ್ಲದೆ ಆ ತಿಂಗಳು ಹನ್ನೆರಡು ದಿನ ಸಂಬಳವಿಲ್ಲದ ರಜೆ ಹಾಕಿದ್ದಳು. ಮೂವತ್ತರಲ್ಲಿ ಹದಿನೆಂಟು ದಿನದ ಸಂಬಳ 7,200, ಅದರ ಶೇ 12 ಅಂದರೆ 864. ಸರಿಯಾಗಿಯೇ ಇದೆ. ಪಾಸ್‌ಬುಕ್ ಒಂದನ್ನೇ ನೋಡಿದ್ದರೆ ಇಲ್ಲದ ತಪ್ಪನ್ನು ಕಂಪನಿಯ ಮೇಲೆ ಹೊರಿಸುತ್ತಿದ್ದೆವು. ಸಂಬಳ ಚೀಟಿಯನ್ನು ದಯವಿಟ್ಟು ಬಿಸಾಡಬೇಡಿ. ಕಂಪನಿ ನಿಮ್ಮಿಂದ ದುಡ್ಡು ಮುರಿದುಕೊಂಡಿದೆ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ವಾಟ್ಸ್ಆ್ಯಪ್‌ನಲ್ಲಿ ಚೀಟಿ ಬರುತ್ತಿದ್ದರೆ ಪ್ರತಿ ತಿಂಗಳೂ ಬೇರೆ ಕಡೆ ಉಳಿಸಿಕೊಳ್ಳಿ.

ತಡವಾದ ತಿಂಗಳು

ಜುಲೈ ಸಂಬಳದ ದುಡ್ಡು ಕಡೇ ದಿನ ಕಳೆದು 43 ದಿನಕ್ಕೆ ಬಂದಿದೆ, ಆಗಸ್ಟ್‌ನದು 12 ದಿನಕ್ಕೆ. ಎರಡೂ ಒಂದೇ ದಿನ ಜಮಾ ಆಗಿವೆ. ಪಾಸ್‌ಬುಕ್ಕಿನಲ್ಲಿ ಎರಡು ತಿಂಗಳು ಒಂದೇ ದಿನಾಂಕ ಹೊತ್ತಿದ್ದರೆ ಕಂಪನಿ ಬಾಕಿ ಇಟ್ಟುಕೊಂಡು ಒಟ್ಟಿಗೆ ಕಟ್ಟಿದೆ ಅಂತ ಅರ್ಥ.

ಆದರೆ 16 ಅಥವಾ 18ನೇ ತಾರೀಕು ಕಂಡ ಕೂಡಲೇ ತಡ ಅಂತ ಹೇಳಬೇಡಿ. ಕಂಪನಿ ಬ್ಯಾಂಕಿನಲ್ಲಿ ಕಟ್ಟಿದ್ದಕ್ಕೂ ನಿಮ್ಮ ಪುಟದಲ್ಲಿ ಅದು ಮೂಡುವುದಕ್ಕೂ ನಡುವೆ ಒಂದೆರಡು ದಿನ ಹಿಡಿಯಬಹುದು. ಅನುಮಾನವಿದ್ದರೆ ಮುಂದೆ ಹೇಳುವ ಹುಡುಕಾಟದಲ್ಲಿ ನಿಜವಾದ ದಿನ ಸಿಗುತ್ತದೆ. ಹಳೆಯ ಪಾಸ್‌ಬುಕ್ ನೋಡುತ್ತಿದ್ದರೆ ಇನ್ನೊಂದು ಮಾತು: ಮೊದಲು 15ರ ಮೇಲೆ ಐದು ದಿನ ರಿಯಾಯಿತಿ ಇತ್ತು, 2016ರ ಫೆಬ್ರವರಿಯಿಂದ ಅದನ್ನು ತೆಗೆದರು. ಕೊರೊನಾ ಲಾಕ್‌ಡೌನ್ ಹೊತ್ತಿನಲ್ಲಿ ಮಾರ್ಚ್ 2020ರ ಸಂಬಳದ ಪಿಎಫ್ ಕಟ್ಟಲು ಮೇ 15ರವರೆಗೆ ಸಮಯ ಕೊಟ್ಟಿದ್ದರು. ಅದನ್ನು ತಡ ಅಂತ ಎಣಿಸುವ ಹಾಗಿಲ್ಲ.

ಒಂದು ತಿಂಗಳ ತಡದಿಂದ ನಿಮ್ಮ ಬಡ್ಡಿಯಲ್ಲಿ ಹೆಚ್ಚೆಂದರೆ ಎಷ್ಟು ವ್ಯತ್ಯಾಸವಾದೀತು ಅಂತ ಲೆಕ್ಕ ಹಾಕಿ ನೋಡೋಣ. 1,440 ಮತ್ತು 440 ಸೇರಿ 1,880 ರೂಪಾಯಿ. 2024-25ರ ಬಡ್ಡಿ ದರ ಶೇ 8.25. ತಿಂಗಳಿಗೆ ಸುಮಾರು 13 ರೂಪಾಯಿ ಆಯಿತು. ಮೊತ್ತ ಚಿಕ್ಕದು. ಕಂಪನಿ ತಡಕ್ಕೆ ವರ್ಷಕ್ಕೆ ಶೇ 12ರ ಬಡ್ಡಿ ಕಟ್ಟಬೇಕು, 2024ರ ಜೂನ್‌ನಿಂದ ತಿಂಗಳಿಗೆ ಶೇ 1ರ ದಂಡ ಬೇರೆ. ಅದು ಪಿಎಫ್ ಸಂಸ್ಥೆಗೆ ಹೋಗುತ್ತದೆ, ನಿಮ್ಮ ಪಾಸ್‌ಬುಕ್ಕಿಗೆ ಬರುವುದಿಲ್ಲ. ಆದರೂ ತಡವನ್ನು ನಾನು ಬಹಳ ಗಂಭೀರವಾಗಿ ನೋಡುತ್ತೇನೆ. ಪ್ರತಿ ತಿಂಗಳು 12, 13, 14ಕ್ಕೆ ಕಟ್ಟುತ್ತಿದ್ದ ಕಂಪನಿ ಇದ್ದಕ್ಕಿದ್ದಂತೆ ನಲವತ್ತು ದಿನ ಎಳೆಯಿತು ಅಂದರೆ ಅದರ ಕೈಯಲ್ಲಿ ದುಡ್ಡು ಓಡುತ್ತಿಲ್ಲ ಅಂತ ಅರ್ಥ. ಸಂಬಳ ಕೊಡದಿದ್ದರೆ ಅವತ್ತೇ ಗಲಾಟೆಯಾಗುತ್ತದೆ. ಪಿಎಫ್ ಕಟ್ಟದಿದ್ದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಅದಕ್ಕೇ ಕಷ್ಟದಲ್ಲಿರುವ ಕಂಪನಿ ಮೊದಲು ಕೈ ಹಾಕುವುದು ಇದಕ್ಕೆ. ಇವಳ ಪಾಸ್‌ಬುಕ್ಕಿನಲ್ಲಿ ಜುಲೈ, ಆಗಸ್ಟ್ ತಡವಾಗಿ, ಆಮೇಲೆ ಜನವರಿ ಬಾರದೇ ಹೋದದ್ದು ಅದೇ ದಾರಿ.

ಬಿಟ್ಟುಹೋದ ತಿಂಗಳು: ನಿಮ್ಮದು ಮಾತ್ರವೋ, ಎಲ್ಲರದ್ದೋ?

ಅಕ್ಟೋಬರ್ ಮತ್ತು ಜನವರಿಯ ಎದುರು ಗೆರೆ ಬಿದ್ದಿದೆ. ಇಲ್ಲಿಗೆ ನಿಲ್ಲಿಸಿ ಎಚ್‌ಆರ್‌ ಹತ್ತಿರ ಹೋದರೆ "ಸಿಸ್ಟಮ್ ಪ್ರಾಬ್ಲಂ, ಬರುತ್ತೆ" ಅನ್ನುವ ಉತ್ತರ ಸಿಗಬಹುದು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಂಪನಿ ಆ ತಿಂಗಳು ಚಲನ್ ಕಟ್ಟಿದೆಯೇ ಅಂತ ನೀವೇ ನೋಡಬಹುದು. ಇದಕ್ಕೆ ಪಾಸ್‌ವರ್ಡ್ ಬೇಡ, ಯಾರ ಅನುಮತಿಯೂ ಬೇಡ. ಈ ಸೌಲಭ್ಯ ಇದೆ ಅಂತಲೇ ಬಹಳ ಜನಕ್ಕೆ ಗೊತ್ತಿಲ್ಲ.

1. ನಿಮ್ಮ `Member ID` ನೋಡಿ. ಮೊದಲ ಐದು ಅಕ್ಷರಗಳು ವಲಯ ಮತ್ತು ಕಚೇರಿಯದು, ಬೆಂಗಳೂರಿನ ಎಷ್ಟೋ ಕಂಪನಿಗಳದ್ದು `BGBNG` ಅಂತ ಶುರುವಾಗುತ್ತದೆ. ಅದರ ನಂತರದ ಏಳು ಅಂಕಿ ನಿಮ್ಮ ಕಂಪನಿಯ ಸಂಕೇತ. ಅದನ್ನು ಬರೆದುಕೊಳ್ಳಿ.

2. ಪಿಎಫ್ ಸಂಸ್ಥೆಯ ತಾಣ `www.epfindia.gov.in` ನಲ್ಲಿ `Establishment Search` ಅನ್ನುವ ಪುಟಕ್ಕೆ ಹೋಗಿ, ಆ ಏಳು ಅಂಕಿ ಹಾಕಿ. ಒಂದೇ ಅಂಕಿಯ ಕಂಪನಿಗಳು ಬೇರೆ ಊರಲ್ಲೂ ಇರುತ್ತವೆ, ಹಾಗಾಗಿ ಹೆಸರು, ಊರು, ಮೊದಲ ಐದು ಅಕ್ಷರ ಹೊಂದುತ್ತವೆಯೇ ನೋಡಿಕೊಳ್ಳಿ.

3. ವಿವರ ತೆರೆದು `View Payment Details` ಒತ್ತಿ. ಕಂಪನಿ ಕಟ್ಟಿದ ಚಲನ್‌ಗಳ ಪಟ್ಟಿ ಬರುತ್ತದೆ. `TRRN` ಅಂದರೆ ಚಲನ್ ನಂಬರ್, `Date of Credit` ಅಂದರೆ ದುಡ್ಡು ಸೇರಿದ ದಿನ. ಜೊತೆಗೆ ಮೊತ್ತ, `Wage Month`, ಎಷ್ಟು ನೌಕರರಿಗೆ ಅನ್ನುವುದೂ ಇರುತ್ತದೆ.

ಅವಳ ಕಂಪನಿಯ ಪಟ್ಟಿಯಲ್ಲಿ ಅಕ್ಟೋಬರ್ ಸಂಬಳದ ಚಲನ್ ಇತ್ತು. ನವೆಂಬರ್ 14ಕ್ಕೇ ಕಟ್ಟಿದ್ದರು, ನೌಕರರ ಸಂಖ್ಯೆಯೂ ಹಿಂದುಮುಂದಿನ ತಿಂಗಳುಗಳ ಹತ್ತಿರವೇ ಇತ್ತು. ಅಂದರೆ ಉಳಿದವರಿಗೆಲ್ಲ ಹೋಗಿದೆ, ಫೈಲಿನಿಂದ ಇವಳ ಸಾಲು ಬಿದ್ದುಹೋಗಿದೆ. ನವೆಂಬರ್ ಮೊದಲ ವಾರದಲ್ಲೇ ಅವಳು ರಜೆ ಹೋಗಿದ್ದಳು. ಫೈಲು ಮಾಡುವುದೂ ಅದೇ ಹೊತ್ತಿಗೆ. ಕೆಲಸ ಬಿಟ್ಟಳು ಅಂತ ಗುಮಾಸ್ತರು ಸಾಲು ತೆಗೆದಿರಬೇಕು ಅಂತ ನನಗೆ ಆಗಲೇ ಅನ್ನಿಸಿತು. ಇಂಥ ತಪ್ಪು ನನ್ನ ಕಣ್ಣೆದುರೇ ಆಗಿದ್ದಿದೆ. ಹೀಗಾದರೆ ಬಿಟ್ಟುಹೋದವರಿಗೆ ಮಾತ್ರ ಕಂಪನಿ ಒಂದು ಪೂರಕ ಇಸಿಆರ್ ಹಾಕಿ ಕಟ್ಟಬಹುದು. ಒಂದು ದಿನದ ಕೆಲಸ.

ಜನವರಿಯ ಚಲನ್ ಮಾತ್ರ ಪಟ್ಟಿಯಲ್ಲೇ ಇರಲಿಲ್ಲ. ಡಿಸೆಂಬರ್‌ನದು ಇದೆ, ಫೆಬ್ರವರಿಯದು ಇದೆ, ನಡುವೆ ಜನವರಿ ಇಲ್ಲ. ಇದು ಗುಮಾಸ್ತರ ಕೈತಪ್ಪಲ್ಲ. ಇಡೀ ಕಾರ್ಖಾನೆಯವರ ಸಂಬಳದಲ್ಲಿ ಮುರಿದುಕೊಂಡ ದುಡ್ಡನ್ನು ಕಂಪನಿ ಕಟ್ಟಿಲ್ಲ. ಹೀಗೆ ಮುರಿದುಕೊಂಡು ಕಟ್ಟದಿರುವುದು ಬರೀ ಬಾಕಿಯಲ್ಲ, ಕಾನೂನಿನ ಕಣ್ಣಲ್ಲಿ ಅದು ಕ್ರಿಮಿನಲ್ ವಿಶ್ವಾಸದ್ರೋಹ.

ಗುತ್ತಿಗೆ ಮೇಲೆ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಕೆಲಸ ಮಾಡುವವರಿಗೆ ಒಂದು ಸೂಚನೆ. ನಿಮ್ಮ ಐಡಿಯಲ್ಲಿ ಇರುವುದು ಸಾಮಾನ್ಯವಾಗಿ ಗುತ್ತಿಗೆದಾರರ ಸಂಕೇತ. ನೀವು ಕೆಲಸ ಮಾಡುವ ಕಟ್ಟಡದ ಕಂಪನಿ ಹೆಸರಲ್ಲಿ ಹುಡುಕಿದರೆ ಏನೂ ತಿಳಿಯುವುದಿಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಅದಕ್ಕೆ ಮೂಲ ಕಂಪನಿಯೂ ಹೊಣೆ ಅನ್ನುವುದನ್ನು ಮಾತ್ರ ನೆನಪಿಡಿ.

ಒಂದು ತಿಂಗಳಿಂದ ಏನಾಗುತ್ತದೆ?

ಅಕ್ಟೋಬರ್ ಮತ್ತು ಜನವರಿ ಸೇರಿ ಅವಳ ಪಿಎಫ್‌ಗೆ ಬರಬೇಕಿದ್ದದ್ದು 3,760 ರೂಪಾಯಿ, ಪಿಂಚಣಿ ನಿಧಿಗೆ 2,000. ಆದರೆ ನನಗೆ ಹೆಚ್ಚು ಚಿಂತೆ ತಂದದ್ದು ಪಿಂಚಣಿಯ ತಿಂಗಳ ಲೆಕ್ಕ. 58 ತುಂಬಿದ ಮೇಲೆ ತಿಂಗಳ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚಿನ ತುಂಡನ್ನು ಒಂದು ವರ್ಷವೆಂದು ಹಿಡಿಯುತ್ತಾರೆ. ಒಂಬತ್ತು ವರ್ಷ ಆರು ತಿಂಗಳಾಗಿದ್ದರೆ ಹತ್ತಾಯಿತು. ಒಂಬತ್ತು ವರ್ಷ ಐದು ತಿಂಗಳಾಗಿದ್ದರೆ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಮದುವೆ, ಬಾಣಂತನ, ಮನೆ ಬದಲು ಅಂತ ಬಿಟ್ಟು ಬಿಟ್ಟು ಕೆಲಸ ಮಾಡುವವರ ಸೇವೆ ಇಂಥ ಅಂಚಿನಲ್ಲೇ ಇರುತ್ತದೆ. ಅಲ್ಲಿ ಬಿದ್ದುಹೋದ ಒಂದು ಸಾಲು ಜೀವಮಾನದ ಪಿಂಚಣಿಗೇ ಅಡ್ಡ ಬರಬಹುದು.

ತಪ್ಪಾಗಿ ಓದುವ ಕೆಲವು ಸಾಲುಗಳು

ಹಳೇ ಕಂಪನಿಯಿಂದ ದುಡ್ಡು ವರ್ಗಾಯಿಸಿಕೊಂಡಿದ್ದರೆ ಹೊಸ ಪಾಸ್‌ಬುಕ್ಕಿನಲ್ಲಿ `TRANSFER IN` ಅಂತ ಒಂದು ದೊಡ್ಡ ಮೊತ್ತದ ಸಾಲು ಬರುತ್ತದೆ. ಅದು ತಿಂಗಳ ಕಂತು ಅಲ್ಲ, ಎಣಿಕೆಗೆ ಸೇರಿಸಬೇಡಿ. ಹಳೇ ತಿಂಗಳುಗಳು ಹಳೇ `Member ID`ಯ ಪುಟದಲ್ಲೇ ಉಳಿದಿರುತ್ತವೆ. ಅಲ್ಲಿ ಹೋಗಿ ಬೇರೆಯಾಗಿ ಎಣಿಸಬೇಕು. ವರ್ಗಾವಣೆಯ ಸಾಲಿನಲ್ಲಿ ಪಿಂಚಣಿ ಕಾಲಂ ಸೊನ್ನೆ ಇದ್ದರೆ ದುಡ್ಡು ಹೋಯಿತು ಅಂತಲ್ಲ. ಪಿಂಚಣಿಯಲ್ಲಿ ಮುಂದಕ್ಕೆ ಬರುವುದು ಸೇವೆಯ ಲೆಕ್ಕವೇ ಹೊರತು ಮೊತ್ತವಲ್ಲ. ತಿಂಗಳ ಮಧ್ಯೆ ಕೆಲಸ ಬದಲಿಸಿದ್ದರೆ ಒಂದೇ ತಿಂಗಳು ಎರಡು ಐಡಿಯಲ್ಲೂ ಬರಬಹುದು. ಅದನ್ನು ಒಂದೇ ತಿಂಗಳು ಅಂತ ಎಣಿಸಿ.

ಪ್ರತಿ ತಿಂಗಳೂ ಪಿಂಚಣಿ ಕಾಲಂ ಸೊನ್ನೆ ಇದ್ದು ಕಂಪನಿ ಪಾಲು ನಿಮ್ಮ ಪಾಲಿನಷ್ಟೇ ಇದ್ದರೆ, ನೀವು ಪಿಂಚಣಿ ಯೋಜನೆಯಲ್ಲಿ ಇಲ್ಲ ಅಂತ ಅರ್ಥ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚು ಸಂಬಳಕ್ಕೆ ಮೊದಲ ಸಲ ಪಿಎಫ್‌ಗೆ ಸೇರಿದವರಿಗೆ, 58 ದಾಟಿದವರಿಗೆ ಹೀಗೇ ಇರುತ್ತದೆ.

ಮೇ, ಜೂನ್, ಜುಲೈ 2020ರ ಸಾಲುಗಳಲ್ಲಿ ಮೊತ್ತ ಕಡಿಮೆ ಕಂಡರೆ ಅದು ಕಂಪನಿಯ ಮೋಸವಲ್ಲ. ಆ ಮೂರು ತಿಂಗಳು ಸರ್ಕಾರವೇ ದರವನ್ನು ಶೇ 12ರಿಂದ 10ಕ್ಕೆ ಇಳಿಸಿತ್ತು. 12,000 ಸಂಬಳಕ್ಕೆ 1,200, 200, 1,000 ಇರಬೇಕು.

ಕೆಲವು ದೊಡ್ಡ ಕಂಪನಿಗಳು ಸ್ವಂತ ಪಿಎಫ್ ಟ್ರಸ್ಟ್ ನಡೆಸುತ್ತವೆ. ಅಂಥ ಕಡೆ ಪಿಎಫ್ ಲೆಕ್ಕ ಈ ತಾಣದಲ್ಲಿ ಸಿಗುವುದಿಲ್ಲ, ಟ್ರಸ್ಟಿನಿಂದಲೇ ಕೇಳಿ ಪಡೆಯಬೇಕು.

ಇನ್ನು, ಈ ತಿಂಗಳ 16ಕ್ಕೆ ಪಾಸ್‌ಬುಕ್ ತೆರೆದು ಕಳೆದ ತಿಂಗಳದ್ದು ಬಂದಿಲ್ಲ ಅನ್ನಬೇಡಿ. 25ರ ನಂತರ ನೋಡಿ.

ಕೇಳುವುದು ಹೇಗೆ

ಮೊದಲು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೊಡಿ, ಇಮೇಲ್ ಆದರೂ ಸರಿ. "ನನ್ನ ಪಿಎಫ್ ಕಟ್ಟಿಲ್ಲ" ಅಂತ ಬರೆದರೆ "ಕಟ್ಟಿದ್ದೇವೆ" ಅಂತ ಉತ್ತರ ಬರುತ್ತದೆ. ತಿಂಗಳ ಹೆಸರು ಹೇಳಿ ಬರೆಯಿರಿ. ನಾವು ಬರೆದದ್ದು ಹೀಗೆ: "ಅಕ್ಟೋಬರ್ 2024ರ ಸಂಬಳದಲ್ಲಿ ಪಿಎಫ್ ಎಂದು 1,440 ರೂ. ಮುರಿದುಕೊಳ್ಳಲಾಗಿದೆ, ಸಂಬಳ ಚೀಟಿ ಲಗತ್ತಿಸಿದ್ದೇನೆ. ಆ ತಿಂಗಳ ಚಲನ್ 14-11-2024ರಂದು ಜಮಾ ಆಗಿದೆ, ಆದರೆ ನನ್ನ ಪಾಸ್‌ಬುಕ್ಕಿನಲ್ಲಿ ಸಾಲು ಇಲ್ಲ. ದಯವಿಟ್ಟು ಪೂರಕ ಇಸಿಆರ್ ಸಲ್ಲಿಸಿ. ಜನವರಿ 2025ರ ಸಂಬಳದಲ್ಲೂ 1,440 ರೂ. ಮುರಿದುಕೊಳ್ಳಲಾಗಿದೆ, ಆ ತಿಂಗಳ ಚಲನ್ ಕಾಣುತ್ತಿಲ್ಲ. ಕಟ್ಟಿದ್ದರೆ ಚಲನ್ ನಂಬರ್ ತಿಳಿಸಿ."

ಎರಡು ವಾರದಲ್ಲಿ ಉತ್ತರ ಬಾರದಿದ್ದರೆ `epfigms.gov.in` ನಲ್ಲಿ ಯುಎಎನ್ ಹಾಕಿ ದೂರು ಕೊಡಬಹುದು. ಅದೇ ಪಟ್ಟಿ, ಅದೇ ಚೀಟಿ, ಪಾಸ್‌ಬುಕ್ಕಿನ ಪಿಡಿಎಫ್ ಲಗತ್ತಿಸಿ, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಎದುರಿಗೆ ಕೂತು ಹೇಳಬೇಕು ಅನ್ನುವವರಿಗೆ ಪಿಎಫ್ ಸಂಸ್ಥೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ "ನಿಧಿ ಆಪ್ಕೆ ನಿಕಟ್" ಶಿಬಿರ ನಡೆಸುತ್ತದೆ. ಇಡೀ ಕಾರ್ಖಾನೆಯ ತಿಂಗಳು ಬಾಕಿಯಿದ್ದರೆ ಒಬ್ಬರೇ ಹೋಗಬೇಡಿ, ಐದಾರು ಜನ ತಮ್ಮ ತಮ್ಮ ಪಟ್ಟಿ ಹಿಡಿದು ಹೋಗಿ. ಒಬ್ಬಳ ಹೆಸರು ಮಾತ್ರ ಮೇಲೆ ಬಂದರೆ ಕೆಲಸದ ಕಡೆ ಕಿರಿಕಿರಿ ಅವಳೊಬ್ಬಳಿಗೇ ಆಗುತ್ತದೆ.

ಆ ಹೆಣ್ಣುಮಗಳ ಅಕ್ಟೋಬರ್ ಹತ್ತೇ ದಿನದಲ್ಲಿ ಸರಿಹೋಯಿತು. ಜನವರಿಗೆ ಅವಳೂ ಅವಳ ಲೈನಿನ ಏಳು ಜನರೂ ದೂರು ಕೊಟ್ಟರು. ಮೇ ತಿಂಗಳ ಕೊನೆಯಲ್ಲಿ ಒಂದು ಸಂಜೆ ಪಾಸ್‌ಬುಕ್ಕಿನ ಫೋಟೊ ಕಳಿಸಿದಳು. `Jan-2025` ಅನ್ನುವ ಸಾಲಿನ ಕೆಳಗೆ ಬೆರಳಿಂದ ಕೆಂಪು ಗೆರೆ ಎಳೆದಿದ್ದಳು. ಜೊತೆಗೆ ಇನ್ನೊಂದು ಫೋಟೊ ಇತ್ತು: ಮಾರ್ಚ್ 2025ರಿಂದ ಫೆಬ್ರವರಿ 2026ರವರೆಗೆ ಹನ್ನೆರಡು ತಿಂಗಳು ಬರೆದ ಹಾಳೆ, ಮೊದಲ ಎರಡರ ಎದುರು ಮಾತ್ರ ದಿನಾಂಕ ತುಂಬಿತ್ತು.